ಹನಿ ನೀರಾವರಿಗೆ ಯಾವ ಘೋಷವಾಕ್ಯ? ಐದು ಸಾಲುಗಳನ್ನು ಹೊಲಕ್ಕಿಳಿಸಿ ನೋಡಿದಾಗ

ಹನಿ ನೀರಾವರಿ ಯೋಜನೆಗೆ ಘೋಷವಾಕ್ಯ ಬೇಕು ಎಂದರೆ ಮೇಜಿನ ಮೇಲೆ ನಲವತ್ತು ಸಾಲು ಬಂದು ಬೀಳುತ್ತವೆ. ಪದ ಬೇರೆ ಬೇರೆ, ಒಳಗಿನ ಮಾತು ಮಾತ್ರ ಐದೇ ಬಗೆ. ಒಂದು ಬಗೆ ಉಪದೇಶ ಮಾಡುತ್ತದೆ, ಇನ್ನೊಂದು ಫಸಲಿನ ಆಸೆ ತೋರಿಸುತ್ತದೆ, ಮತ್ತೊಂದು ಜಮೀನು ಹೆಚ್ಚಿಸುತ್ತೇನೆ ಎನ್ನುತ್ತದೆ. ನಾಲ್ಕನೆಯದು ನೀರು ಎಲ್ಲಿಗೆ ಹೋಗಬೇಕು ಎಂದು ಹೇಳುತ್ತದೆ, ಐದನೆಯದು ರೈತನ ದಿನದ ಒಂದು ಚಿಂತೆಯನ್ನು ಹಿಡಿದುಕೊಳ್ಳುತ್ತದೆ. ಒಂದೊಂದು ಬಗೆಗೂ ಒಂದೊಂದು ಮಾದರಿ ಇಲ್ಲಿದೆ:

ನೀರು ಉಳಿಸಿ, ನಾಡು ಬೆಳೆಸಿ
ಹನಿ ಹನಿ ನೀರು, ತೆನೆ ತೆನೆ ಪೈರು
ಇರುವ ನೀರಲ್ಲೇ ಇನ್ನೊಂದು ಎಕರೆ
ಬೇರಿಗೆ ನೀರು, ಬಯಲಿಗೆ ಯಾಕೆ?
ಕರೆಂಟ್ ಹೋಗುವ ಮೊದಲೇ ಕೊನೆ ಗಿಡಕ್ಕೂ ನೀರು

ಸಬ್ಸಿಡಿಯನ್ನೇ ಘೋಷವಾಕ್ಯ ಮಾಡುವ ಆರನೆಯ ಬಗೆಯೂ ಉಂಟು: ‘ನೂರಕ್ಕೆ ಇಷ್ಟು ಸರ್ಕಾರದ್ದು’ ಎನ್ನುವಂಥದ್ದು. ಅದನ್ನು ಹೋಲಿಕೆಗೇ ತೆಗೆದುಕೊಂಡಿಲ್ಲ. ಸಹಾಯಧನದ ಪ್ರಮಾಣ ಆದೇಶ ಬದಲಾದ ಹಾಗೆ ಬದಲಾಗುತ್ತದೆ, ಗೋಡೆಯ ಬಣ್ಣ ಅಳಿಯುವುದಿಲ್ಲ. ಮೂರು ವರ್ಷ ಹಳೆಯ ಅಂಕಿ ಹಿಡಿದುಕೊಂಡು ಬರುವವರಿಗೆ ಉತ್ತರ ಹೇಳುವುದೇ ಆಮೇಲೆ ಕಚೇರಿಯ ಕೆಲಸವಾಗುತ್ತದೆ. ಅಂಕಿ ಕರಪತ್ರದಲ್ಲಿರಲಿ.

ಯಾವ ತಕ್ಕಡಿಯಲ್ಲಿ ತೂಗುವುದು

ಮೊದಲನೆಯ ಪ್ರಶ್ನೆ, ಸಾಲು ಹೊಲದ ಲೆಕ್ಕಕ್ಕೆ ನಿಲ್ಲುತ್ತದೆಯೇ. ಪೈಪು ಹಾಸಿದ ದಿನ ಮಾತ್ರವಲ್ಲ, ಎರಡು ಬೆಳೆ ಕಳೆದ ಮೇಲೂ ನಿಜವಾಗಿರಬೇಕು. ಎರಡನೆಯದು, ಅದನ್ನು ನಂಬಿದ ರೈತ ಏನು ಮಾಡುತ್ತಾನೆ ಎನ್ನುವುದು. ಯೋಜನೆ ಕೇಳಿದ್ದೊಂದು, ಸಾಲು ಮಾಡಿಸಿದ್ದು ಇನ್ನೊಂದು ಆಗುವುದುಂಟು, ಮತ್ತು ಅದು ನಾವಂದುಕೊಂಡದ್ದಕ್ಕಿಂತ ಹೆಚ್ಚು ಸಲ ಆಗುತ್ತದೆ. ಮೂರನೆಯದು ಬಾಯಿ. ಒಮ್ಮೆ ಕೇಳಿದವರು ಮರುದಿನ ಅದೇ ಪದಗಳಲ್ಲಿ ಹೇಳಬಲ್ಲರೇ? ಇದಕ್ಕೆ ಮಾತ್ರೆ ಎಣಿಸಿದರೆ ಸಾಕು, ಹ್ರಸ್ವಕ್ಕೆ ಒಂದು, ದೀರ್ಘಕ್ಕೂ ಸೊನ್ನೆ ಇರುವ ಅಕ್ಷರಕ್ಕೂ ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಎರಡು. ನಾಲ್ಕನೆಯದು ಗೋಡೆ, ಅದರ ಮಾತು ಕೊನೆಯಲ್ಲಿ.

ನೀರು ಉಳಿಸಿ, ನಾಡು ಬೆಳೆಸಿ

ಕಿವಿಗೆ ಇದು ಚೆನ್ನಾಗಿದೆ. ಮೂರು ಮೂರು ಮಾತ್ರೆಯ ನಾಲ್ಕು ತುಂಡು, ಒಂದೂ ಒತ್ತಕ್ಷರವಿಲ್ಲ. ಮಕ್ಕಳ ಮೆರವಣಿಗೆಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಇದೇ ಸಾಲನ್ನು ಬಸ್ ನಿಲ್ದಾಣದ ನಲ್ಲಿಯ ಮೇಲೆ ಬರೆದರೂ ಸರಿಹೋಗುತ್ತದೆ. ಡ್ರಿಪ್ ಎಂಬ ಮಾತಿನ ಸುಳಿವೂ ಇದರಲ್ಲಿಲ್ಲ.

ದೊಡ್ಡ ತೊಡಕು ಬೇರೆ ಇದೆ. ಕೊಳವೆಬಾವಿ ಇರುವ ರೈತನಿಗೆ ‘ಉಳಿಸಿ’ ಎಂದರೆ ಯಾರಿಗೆ ಉಳಿಸುವುದು ಎಂಬ ಪ್ರಶ್ನೆ ಏಳುತ್ತದೆ. ಈ ಹೊಲದಲ್ಲಿ ಎತ್ತದೆ ಬಿಟ್ಟ ನೀರನ್ನು ಪಕ್ಕದ ಹೊಲದ ಮೋಟಾರು ಎತ್ತುತ್ತದೆ. ಅದು ಅವನಿಗೆ ಚೆನ್ನಾಗಿ ಗೊತ್ತು. ಹೀಗಾಗಿ ಸಾಲು ಸುಳ್ಳಲ್ಲದಿದ್ದರೂ ಅವನದ್ದಲ್ಲ. ಶಾಲೆ, ಜಾಥಾ, ಪತ್ರಿಕೆಯ ಜಾಹೀರಾತಿನ ಕೆಳಪಟ್ಟಿ ಇವಿಷ್ಟಕ್ಕೆ ಇದನ್ನು ಇಟ್ಟುಕೊಳ್ಳಬಹುದು.

ಹನಿ ಹನಿ ನೀರು, ತೆನೆ ತೆನೆ ಪೈರು

ಕೇಂದ್ರ ಸರ್ಕಾರದ ಕೃಷಿ ಸಿಂಚಾಯಿ ಯೋಜನೆ 2015ರಲ್ಲಿ ಬಂದಾಗ ಅದರ ಜೊತೆ ‘ಪರ್ ಡ್ರಾಪ್ ಮೋರ್ ಕ್ರಾಪ್’ ಎಂಬ ಸಾಲೂ ಬಂತು. ಇಂಗ್ಲಿಷಿನಲ್ಲಿ ಡ್ರಾಪ್‌ಗೆ ಕ್ರಾಪ್ ಪ್ರಾಸ ಕೂಡುತ್ತದೆ. ಅದನ್ನೇ ಕನ್ನಡಕ್ಕೆ ತಿರುಗಿಸಿ ‘ಪ್ರತಿ ಹನಿಗೆ ಅಧಿಕ ಬೆಳೆ’ ಎಂದರೆ ಪ್ರಾಸವೂ ಹೋಯಿತು, ಮಾತಿನ ಗಂಟೂ ಸಡಿಲವಾಯಿತು. ಕನ್ನಡಕ್ಕೆ ಅದರ ಹಂಗೇ ಬೇಕಿಲ್ಲ. ‘ಹನಿ ಹನಿಗೂಡಿದರೆ ಹಳ್ಳ, ತೆನೆ ತೆನೆಗೂಡಿದರೆ ಬಳ್ಳ’ ಎಂಬ ಗಾದೆಯಲ್ಲಿ ಹನಿಯೂ ತೆನೆಯೂ ಎಂದೋ ಜೋಡಿಯಾಗಿವೆ. ಎರಡನೆಯ ಸಾಲು ನಿಂತಿರುವುದು ಆ ನೆನಪಿನ ಮೇಲೆ. ಏಳು ಮಾತ್ರೆಗೆ ಏಳು ಮಾತ್ರೆ, ನೀರಿಗೆ ಪೈರು. ಐದರಲ್ಲಿ ಒಂದೇ ಸಲಕ್ಕೆ ನಾಲಿಗೆಗೆ ಕೂರುವುದು ಇದೇ.

ಹೊಲಕ್ಕಿಳಿಸಿದರೆ ಎರಡು ಅಡ್ಡಿ ಬರುತ್ತವೆ. ತೆನೆ ಬಿಡುವುದು ಜೋಳ, ರಾಗಿ, ಮೆಕ್ಕೆಜೋಳ, ಭತ್ತ. ಡ್ರಿಪ್ ಹೆಚ್ಚಾಗಿ ಕಾಣುವುದು ತರಕಾರಿ, ಬಾಳೆ, ದ್ರಾಕ್ಷಿ, ದಾಳಿಂಬೆ, ಅಡಿಕೆ, ಕಬ್ಬಿನಲ್ಲಿ. ಟೊಮೆಟೊ ಬೆಳೆಯುವವನು ‘ಇದು ನನಗಲ್ಲ’ ಎಂದುಕೊಂಡು ಮುಂದೆ ಹೋದರೆ ತಪ್ಪು ಅವನದಲ್ಲ. ಇನ್ನೊಂದು ಗೋಡೆಯ ತಂಟೆ. ತೆನೆ ಕರ್ನಾಟಕದಲ್ಲಿ ಒಂದು ರಾಜಕೀಯ ಪಕ್ಷದ ಚಿಹ್ನೆಯಲ್ಲಿದೆ. ಚುನಾವಣೆ ಹತ್ತಿರ ಬಂದಾಗ ಯಾರಾದರೂ ತಕರಾರು ತೆಗೆದರೆ, ಸರಿಯೋ ತಪ್ಪೋ, ಮೊದಲು ಸುಣ್ಣ ಬಳಿಯುತ್ತಾರೆ. ‘ಹನಿ ಹನಿ ನೀರು, ಹಸಿರಿನ ಪೈರು’ ಎಂದು ಬದಲಿಸಿದರೆ ಮಾತ್ರೆ ಕೆಡುವುದಿಲ್ಲ, ಎರಡು ಅಡ್ಡಿಯೂ ತಪ್ಪುತ್ತವೆ. ಗಾದೆಯ ಗುಂಗು ಮಾತ್ರ ಹೋಗುತ್ತದೆ, ಅದು ಸಣ್ಣ ನಷ್ಟವಲ್ಲ.

ಗಾದೆಯನ್ನೇ ಇಡಿಯಾಗಿ ಘೋಷವಾಕ್ಯ ಮಾಡೋಣ ಎನ್ನುವವರೂ ಇರುತ್ತಾರೆ. ಅದು ಬೇಡ. ಡ್ರಿಪ್ ಹೊಲದಲ್ಲಿ ಹನಿಗೂಡಿ ಹಳ್ಳವಾಯಿತು ಎಂದರೆ ಗಿಡದ ಸಾಲಿನುದ್ದಕ್ಕೂ ಹಾಸಿದ ಲ್ಯಾಟರಲ್ ಪೈಪು ಎಲ್ಲೋ ಒಡೆದಿದೆ ಎಂದೇ ಅರ್ಥ.

ಇರುವ ನೀರಲ್ಲೇ ಇನ್ನೊಂದು ಎಕರೆ

ರೈತರ ಮುಂದೆ ಇಟ್ಟರೆ ಕಣ್ಣರಳುವುದು ಈ ಸಾಲಿಗೆ. ಹೇಳುವುದಕ್ಕೆ ಮಾತ್ರೆ ಎಡವುತ್ತದೆ, ಮೂರು, ಆರು, ಐದು, ಮೂರು. ಆದರೂ ಮರೆಯುವುದಿಲ್ಲ, ಲಾಭ ಇರುವ ಮಾತು ಯಾರಿಗೂ ಮರೆಯುವುದಿಲ್ಲ. ಇದನ್ನು ಲೆಕ್ಕಕ್ಕೆ ಹಚ್ಚಿ ನೋಡಲೇಬೇಕು.

ಗಂಟೆಗೆ 9,000 ಲೀಟರ್ ಕೊಡುವ ಕೊಳವೆಬಾವಿ, ದಿನಕ್ಕೆ 6 ಗಂಟೆ ಕರೆಂಟು ಎಂದಿಟ್ಟುಕೊಳ್ಳಿ. ಒಟ್ಟು 54,000 ಲೀಟರ್. ಬಿಸಿಲುಗಾಲದಲ್ಲಿ ಬೆಳೆಗೆ ದಿನಕ್ಕೆ 5 ಮಿಲಿಮೀಟರ್ ನೀರು ಬೇಕು ಎಂದರೆ ಎಕರೆಗೆ ಸುಮಾರು 20,200 ಲೀಟರ್ ಆಗುತ್ತದೆ. ಇದು ಬೇರಿಗೆ ಸಿಗಬೇಕಾದ ನೀರು. ಹಾಯಿಸಿದ ನೀರಿನಲ್ಲಿ ಅರ್ಧ ಮಾತ್ರ ಬೇರಿಗೆ ಸಿಕ್ಕಿತು ಎಂದರೆ ಎಕರೆಗೆ 40,500 ಲೀಟರ್ ಎತ್ತಬೇಕು. ಡ್ರಿಪ್ಪಿನಲ್ಲಿ ನೂರಕ್ಕೆ ತೊಂಬತ್ತು ಸಿಕ್ಕರೆ 22,500 ಸಾಕು. ಅಂದರೆ ಅದೇ 54,000 ಲೀಟರಿನಲ್ಲಿ ಹಾಯಿಸಿ ಬೆಳೆಯುವವನಿಗೆ ಒಂದೂಕಾಲು ಎಕರೆಯ ಮೇಲೆ ಸ್ವಲ್ಪ, ಡ್ರಿಪ್ ಹಾಕಿದವನಿಗೆ 2.4 ಎಕರೆ. ಇನ್ನೊಂದು ಎಕರೆ ಎಂಬುದು ಉತ್ಪ್ರೇಕ್ಷೆಯಲ್ಲ, ಅಕ್ಷರಶಃ ನಿಜ.

ಆದರೆ ಮೋಟಾರು ಈಗಲೂ 6 ಗಂಟೆ ಓಡುತ್ತಿದೆ. ನೆಲದಿಂದ ಬರುವುದು ಅದೇ 54,000 ಲೀಟರ್. ಮೊದಲು ಹಾಯಿಸುವಾಗ ಬೇರು ಹೀರದೆ ಬಿಟ್ಟ ನೀರೆಲ್ಲ ಹಾಳಾಗುತ್ತಿರಲಿಲ್ಲ, ಒಂದಷ್ಟು ಇಂಗಿ ಅಂತರ್ಜಲಕ್ಕೇ ಮರಳುತ್ತಿತ್ತು. ಈಗ ಅದೂ ನಿಂತಿತು, ಎತ್ತಿದ್ದೆಲ್ಲ ಬಹುಪಾಲು ಎಲೆಯ ಮೂಲಕ ಗಾಳಿಗೆ ಹೋಗುತ್ತದೆ. ರೈತನ ಆದಾಯ ಏರಿತು, ಬಾವಿಯ ಲೆಕ್ಕದಲ್ಲಿ ನೀರು ಉಳಿಯಲೇ ಇಲ್ಲ, ಬದಲಿಗೆ ತುಸು ಕಡಿಮೆಯೇ ಆಯಿತು. ಯೋಜನೆಯ ಹೆಸರಿನಲ್ಲಿ ‘ನೀರು ಉಳಿತಾಯ’ ಇದ್ದರೆ ಈ ಸಾಲು ಅದರ ಕಾಲನ್ನೇ ಕೊಯ್ಯುತ್ತದೆ.

ಇದೇ ಸಾಲಿಗೆ ಸರಿಯಾದ ಜಾಗಗಳೂ ಇವೆ. ನೀರಿನ ಪಾಲು ಮೊದಲೇ ಗೊತ್ತಾಗಿರುವ ಕಡೆ, ಅಂದರೆ ಕೆರೆಯಿಂದಲೋ ಏತ ನೀರಾವರಿಯಿಂದಲೋ ಅಳೆದು ಕೊಡುವ ಕಡೆ, ಅಥವಾ ಕೃಷಿ ಹೊಂಡದಲ್ಲಿ ತುಂಬಿದಷ್ಟೇ ನೀರು ಇರುವ ಕಡೆ ಇನ್ನೊಂದು ಎಕರೆ ಬೆಳೆದರೆ ಯಾರ ನೀರೂ ಹೆಚ್ಚಾಗಿ ಎತ್ತಿದಂತಲ್ಲ. ಕೊಳವೆಬಾವಿಗಳು ಬತ್ತುತ್ತಿರುವ ತಾಲ್ಲೂಕಿನ ಗೋಡೆಗೆ ಮಾತ್ರ ಇದು ಸಲ್ಲದು.

ಇದರ ಅಣ್ಣನಂಥ ಸಾಲು ‘ಅರ್ಧ ನೀರು, ದುಪ್ಪಟ್ಟು ಬೆಳೆ’. ಮೇಲಿನ ಲೆಕ್ಕದಲ್ಲಿ ನೀರು ನೂರಕ್ಕೆ ನಲವತ್ತೈದರಷ್ಟು ಇಳಿಯಿತು, ಅರ್ಧಕ್ಕೆ ಹತ್ತಿರ. ಆದರೆ ಅಚ್ಚುಕಟ್ಟಾಗಿ ಸಾಲು ಬಿಟ್ಟು ನೀರು ಕಟ್ಟುವವನ ಹೊಲದಲ್ಲಿ ಮೊದಲೇ ನೂರಕ್ಕೆ ಅರವತ್ತೈದು ಬೇರಿಗೆ ಸಿಗುತ್ತಿದ್ದರೆ ಉಳಿತಾಯ ನೂರಕ್ಕೆ ಇಪ್ಪತ್ತೆಂಟಕ್ಕೆ ಇಳಿಯುತ್ತದೆ. ದುಪ್ಪಟ್ಟು ಬೆಳೆಯಂತೂ ನೀರೊಂದರಿಂದ ಬರುವುದಲ್ಲ. ಒಳ್ಳೆಯ ರೈತನನ್ನೇ ಮೊದಲು ನಿರಾಶೆಗೊಳಿಸುವ ಸಾಲು ಅದು.

ಬೇರಿಗೆ ನೀರು, ಬಯಲಿಗೆ ಯಾಕೆ?

ನಾಲ್ಕು ಮೂರು, ನಾಲ್ಕು ಮೂರು ಮಾತ್ರೆ. ಎರಡು ತುಂಡಿನ ಮೊದಲಲ್ಲೂ ಬಕಾರ, ಒತ್ತಕ್ಷರ ಒಂದೂ ಇಲ್ಲ, ಒಟ್ಟು ಹನ್ನೊಂದು ಅಕ್ಷರ. ಅಪ್ಪಣೆ ಕೊಡುವುದಿಲ್ಲ, ಪ್ರಶ್ನೆ ಕೇಳುತ್ತದೆ, ಉತ್ತರವನ್ನು ಓದಿದವರಿಗೇ ಬಿಡುತ್ತದೆ. ಡ್ರಿಪ್ ಏನು ಮಾಡುತ್ತದೆ ಎನ್ನುವುದನ್ನು ಇಷ್ಟು ಚಿಕ್ಕದಾಗಿ ಹೇಳುವ ಸಾಲು ಉಳಿದ ನಾಲ್ಕರಲ್ಲಿಲ್ಲ. ಸಾಲಿನ ನಡುವೆ ನೆಲ ಒಣಗಿರುವುದರಿಂದ ಕಳೆ ಕಡಿಮೆ ಎಂಬ ಲಾಭವೂ ಅದರೊಳಗೇ ಅಡಗಿದೆ. ಫಸಲಿನ ಭರವಸೆ ಇಲ್ಲವಾದ್ದರಿಂದ ಎರಡು ವರ್ಷದ ಮೇಲೂ ಸುಳ್ಳಾಗುವುದಿಲ್ಲ.

ಕಚೇರಿಯಲ್ಲಿ ಇದಕ್ಕೆ ಎರಡು ತಿದ್ದುಪಡಿ ಬರುತ್ತವೆ, ಎರಡನ್ನೂ ತಡೆಯಬೇಕು. ಒಂದು, ‘ಯಾಕೆ’ ಗ್ರಾಮ್ಯವಾಯಿತು, ‘ಏಕೆ’ ಮಾಡಿ ಎನ್ನುವುದು. ಮಾತ್ರೆ ಕೆಡದು, ಆದರೆ ಹೊಲದ ಬದುವಿನ ಮೇಲೆ ನಿಂತು ‘ಏಕೆ’ ಎನ್ನುವವರು ಯಾರು? ಇನ್ನೊಂದು ತಿದ್ದುಪಡಿ ಕೆಡುಕಿನದು: ‘ಬೇರಿಗೆ’ ತೆಗೆದು ‘ಬುಡಕ್ಕೆ’ ಹಾಕಿ ಎನ್ನುವುದು. ಬುಡಕ್ಕೆ ನೀರು ಎಂದು ಓದಿದವನು ಹನಿ ತೊಟ್ಟಿಕ್ಕಿಸುವ ಡ್ರಿಪ್ಪರನ್ನು ಕಾಂಡಕ್ಕೆ ಒರಗಿಸಿಯೇ ಇಡುತ್ತಾನೆ. ಬೆಳೆದ ಮರಗಳಲ್ಲಿ ನೀರು ಹೀರುವ ಎಳೆಬೇರುಗಳು ಕಾಂಡದಿಂದ ದೂರದಲ್ಲಿರುತ್ತವೆ. ಅಲ್ಲಿ ನೀರಿಲ್ಲ, ಕಾಂಡದ ಬುಡ ಮಾತ್ರ ಸದಾ ಒದ್ದೆ, ಕೊಳೆರೋಗಕ್ಕೆ ದಾರಿ. ಒಂದು ಪದದಿಂದ ತೋಟದಲ್ಲಿ ಪೈಪು ಹಾಸುವ ರೀತಿಯೇ ಕೆಡುತ್ತದೆ ಎನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಇದರ ಮಿತಿ ಎಂದರೆ ಆಸೆ ತೋರಿಸುವುದಿಲ್ಲ. ಡ್ರಿಪ್ ಎಂದರೇನೆಂದು ಚೆನ್ನಾಗಿ ಗೊತ್ತಿದ್ದೂ ಹಾಕದವನಿಗೆ ಇದು ಹೊಸದೇನನ್ನೂ ಹೇಳದು. ಭತ್ತದ ಗದ್ದೆಯ ಊರಿನಲ್ಲೂ, ಇಡೀ ಮಡಿ ತೇವವಾಗಬೇಕಾದ ಒತ್ತು ಬೆಳೆಗಳ ಊರಿನಲ್ಲೂ ಈ ಪ್ರಶ್ನೆಗೆ ‘ಬಯಲಿಗೂ ಬೇಕು’ ಎಂಬ ಉತ್ತರ ಬಂದೀತು.

ಕರೆಂಟ್ ಹೋಗುವ ಮೊದಲೇ ಕೊನೆ ಗಿಡಕ್ಕೂ ನೀರು

ಇದು ಪದ್ಯವಲ್ಲ, ಮಾತು. ಮಾತ್ರೆ ಎಣಿಸುವ ಗೋಜಿಗೇ ಹೋಗಬೇಕಿಲ್ಲ. ಆದರೆ ಹಾಯಿಸುವ ರೈತನ ಚಿಂತೆಯನ್ನು ಇದು ನೇರ ಮುಟ್ಟುತ್ತದೆ. ನೀರು ಸಾಲಿನ ತಲೆಯಿಂದ ಹರಿದು ಕೊನೆಗೆ ಮುಟ್ಟುವಷ್ಟರಲ್ಲಿ ಕರೆಂಟು ಹೋದರೆ ತಲೆಯ ಗಿಡಕ್ಕೆ ಅಜೀರ್ಣ, ಕೊನೆಯದಕ್ಕೆ ಉಪವಾಸ. ಡ್ರಿಪ್ಪಿನಲ್ಲಿ ಒಂದು ವಾಲ್ವ್ ತೆರೆದರೆ ಆ ಭಾಗದ ಎಲ್ಲ ಗಿಡಕ್ಕೂ ಒಟ್ಟಿಗೇ ಹನಿ ಬೀಳುತ್ತದೆ.

ಲೆಕ್ಕಕ್ಕೆ ಹಚ್ಚೋಣ. ಐದಡಿ ಸಾಲು, ಎರಡಡಿಗೊಂದು ಗಿಡ ಎಂದರೆ ಎಕರೆಗೆ 4,356 ಗಿಡ. ಗಿಡಕ್ಕೊಂದು 4 ಲೀಟರ್ ಡ್ರಿಪ್ಪರ್ ಹಾಕಿದರೆ ಗಂಟೆಗೆ 17,424 ಲೀಟರ್ ಬೇಕು. ನಮ್ಮ ಬಾವಿ ಕೊಡುವುದು 9,000. ಹಾಗಾಗಿ ಎಕರೆಯನ್ನು ಎರಡು ಭಾಗ ಮಾಡಿ ಎರಡು ವಾಲ್ವ್ ಇಡಬೇಕು. ಎಕರೆಗೆ 22,500 ಲೀಟರ್ ಎಂಬ ಮೇಲಿನ ಲೆಕ್ಕದಲ್ಲಿ ಒಂದೊಂದು ಭಾಗಕ್ಕೆ ಸುಮಾರು ಒಂದೂಕಾಲು ಗಂಟೆ, ಎರಡೂ ಸೇರಿ ಎರಡೂವರೆ ಗಂಟೆಯ ಮೇಲೆ ಐದು ನಿಮಿಷ. ಕರೆಂಟು 6 ಗಂಟೆ ಇದ್ದರೆ ಮೂರು ಗಂಟೆಗೂ ಹೆಚ್ಚು ಮಿಗುತ್ತದೆ. ಮಾತು ನಿಜ.

ಇಲ್ಲಿ ಮೂರನೆಯ ಸಾಲನ್ನು ನೆನಪಿಸಿಕೊಳ್ಳಿ. ಅದೇ ರೈತ ಇನ್ನೊಂದು ಎಕರೆ ಸೇರಿಸಿ 2.4 ಎಕರೆ ಮಾಡಿದರೆ ಪೂರ್ತಿ 6 ಗಂಟೆ ಬೇಕು. ಅರ್ಧ ಗಂಟೆ ಮುಂಚೆ ಕರೆಂಟು ಹೋದರೂ ಕೊನೆಯ ವಾಲ್ವಿನ ಗಿಡಗಳಿಗೆ ಆ ದಿನ ಪೂರ್ತಿ ನೀರಿಲ್ಲ. ಒಂದೇ ಯೋಜನೆ ಒಂದೇ ಊರಿನಲ್ಲಿ ಈ ಎರಡು ಸಾಲನ್ನೂ ಬರೆಸಿದರೆ ಒಂದು ಇನ್ನೊಂದನ್ನು ಸುಳ್ಳು ಮಾಡುತ್ತದೆ.

ಐದನೆಯ ಸಾಲಿನ ನಿಜವಾದ ಬೆಲೆ ‘ಕೊನೆ ಗಿಡ’ ಎಂಬ ಎರಡು ಪದದಲ್ಲಿದೆ. ಅದು ಭರವಸೆಯೂ ಹೌದು, ಪರೀಕ್ಷೆಯೂ ಹೌದು. ಗಂಟೆಗೆ 4 ಲೀಟರ್ ಡ್ರಿಪ್ಪರ್ ಮೂರು ನಿಮಿಷದಲ್ಲಿ 200 ಮಿಲಿಲೀಟರ್ ತೊಟ್ಟಿಕ್ಕಬೇಕು. ಸಾಲಿನ ಮೊದಲ ಗಿಡದ ಕೆಳಗೊಂದು, ಕೊನೆಯದರ ಕೆಳಗೊಂದು ಲೋಟ ಇಟ್ಟು ಮೂರು ನಿಮಿಷ ಹಿಡಿದರೆ ಸಾಕು. ಕೊನೆಯದರಲ್ಲಿ 180 ಬಂದರೆ ಚಿಂತೆಯಿಲ್ಲ. 150ಕ್ಕೆ ಇಳಿದರೆ ಫಿಲ್ಟರ್ ಕಟ್ಟಿದೆ, ಇಲ್ಲವೇ ಲ್ಯಾಟರಲ್ ಅಳತೆ ಮೀರಿ ಉದ್ದವಾಗಿದೆ, ಇಲ್ಲವೇ ತುದಿಯಲ್ಲಿ ಕೆಸರು ಕೂತಿದೆ. ತುದಿಯ ಮುಚ್ಚಳ ಬಿಚ್ಚಿ ನೀರು ತಿಳಿಯಾಗುವ ತನಕ ಹರಿಯಬಿಟ್ಟು ಮತ್ತೆ ಅಳೆಯಬೇಕು. ಕಳಪೆ ಕೆಲಸ ಮಾಡಿ ಹೋದವರನ್ನು ಗೋಡೆಯ ಸಾಲನ್ನೇ ತೋರಿಸಿ ಕೇಳುವ ಹಕ್ಕು ರೈತನಿಗೆ ಸಿಗುತ್ತದೆ. ಕೆಲವು ಕಚೇರಿಗಳು ಇದೇ ಕಾರಣಕ್ಕೆ ಈ ಸಾಲನ್ನು ಒಪ್ಪಲಿಕ್ಕಿಲ್ಲ.

ಮಿತಿಯೂ ಸ್ಪಷ್ಟ. ಕಾಲುವೆ ನೀರಿನ ಊರಿನಲ್ಲಿ ಕರೆಂಟಿನ ಮಾತು ತಟ್ಟುವುದಿಲ್ಲ. ಅಲ್ಲಿ ‘ಸರದಿ ಮುಗಿಯುವ ಮೊದಲೇ’ ಎಂದು ಬದಲಿಸೋಣ ಎಂದರೆ ಅದು ತಪ್ಪು ಭರವಸೆ. ಸರದಿಯ ನೀರನ್ನು ಹೊಂಡದಲ್ಲಿ ತುಂಬಿಕೊಂಡು ದಿನವೂ ಅಷ್ಟಷ್ಟೇ ಬಿಡುವುದು ಡ್ರಿಪ್ಪಿನ ರೀತಿ, ಸರದಿಯೊಳಗೇ ಮುಗಿಸುವುದಲ್ಲ.

ಗೋಡೆ, ಧ್ವನಿವರ್ಧಕ, ಫಿಲ್ಟರ್

ಹಣ ಇರುವುದು ಗೋಡೆಬರಹಕ್ಕೆ ಮಾತ್ರವಾದರೆ ನಾಲ್ಕನೆಯ ಸಾಲು. ದೂರದ ಓದಿಗೆ ಫಲಕ ಬರೆಯುವವರ ಒಂದು ಲೆಕ್ಕವಿದೆ, ಹತ್ತಡಿ ದೂರಕ್ಕೆ ಒಂದಿಂಚು ಎತ್ತರದ ಅಕ್ಷರ. ರಸ್ತೆ ಅರವತ್ತಡಿ ದೂರದಲ್ಲಿದ್ದರೆ ಆರಿಂಚು. ಕನ್ನಡದಲ್ಲಿ ಇದು ಮೂಲ ಅಕ್ಷರದ ಎತ್ತರ ಮಾತ್ರ, ಒತ್ತಕ್ಷರ ಅದರ ಕೆಳಗೆ ಬೇರೆ ಜಾಗ ಕೇಳುತ್ತದೆ. ‘ಸೂಕ್ಷ್ಮ ನೀರಾವರಿ’ ಎಂದು ಬರೆಸಿ ನೋಡಿ: ಕ, ಅದರಡಿ ಷ, ಅದರಡಿ ಮ. ಮೂರಂತಸ್ತಿನ ಆ ಅಕ್ಷರ ಮೂವತ್ತಡಿಗೇ ಬಣ್ಣದ ಉಂಡೆಯಾಗುತ್ತದೆ, ಬರೆಯುವವನು ಒಂದು ಒತ್ತನ್ನು ಬಿಟ್ಟೇಬಿಡುತ್ತಾನೆ. ‘ಬೇರಿಗೆ ನೀರು’ ಒಂದು ಸಾಲು, ‘ಬಯಲಿಗೆ ಯಾಕೆ?’ ಇನ್ನೊಂದು ಸಾಲು ಮಾಡಿದರೆ ಹತ್ತಡಿ ಗೋಡೆಯಲ್ಲಿ ಒಂದಡಿ ಎತ್ತರದ ಅಕ್ಷರಕ್ಕೂ ಜಾಗವಿದೆ.

ಆಟೊದಲ್ಲಿ ಮೈಕು ಕಟ್ಟಿ ಪ್ರಚಾರ ಮಾಡುವುದಾದರೆ, ರೇಡಿಯೊದಲ್ಲಿ ಹೇಳಿಸುವುದಾದರೆ ಐದನೆಯದು, ಕೊಳವೆಬಾವಿಯ ಊರುಗಳಲ್ಲಿ ಮಾತ್ರ. ಗೋಡೆ ಮತ್ತು ಮೈಕು ಎರಡಕ್ಕೂ ಹಣವಿದ್ದರೆ ನಾಲ್ಕೂ ಐದೂ ಜೊತೆಯಾಗಿ ಹೋಗುತ್ತವೆ, ಒಂದಕ್ಕೊಂದು ಜಗಳವಿಲ್ಲ. ಡ್ರಿಪ್ ಹೊಸದಾಗಿರುವ, ಕಲಾತಂಡ ಹಾಡಿ ಹೇಳುವ ಕಡೆ ಎರಡನೆಯದನ್ನು ಹಸಿರಿನ ಪೈರು ಮಾಡಿಕೊಂಡು ಬಳಸಬಹುದು.

ಡ್ರಿಪ್ ಆಗಲೇ ಬಂದು, ಪೈಪು ಸುತ್ತಿ ಕೊಟ್ಟಿಗೆಯಲ್ಲಿ ಇಟ್ಟಿರುವ ಊರುಗಳಿಗೆ ಐದರಲ್ಲಿ ಯಾವುದೂ ನಾಟುವುದಿಲ್ಲ. ಅಲ್ಲಿಯವರಿಗೆ ಲಾಭ ಗೊತ್ತು, ಡ್ರಿಪ್ಪರ್ ಕಟ್ಟಿದ್ದಕ್ಕೇ ಬಿಟ್ಟದ್ದು. ಅಂಥ ಕಡೆ ಗೋಡೆಯ ಖರ್ಚು ಬಿಟ್ಟು ‘ಫಿಲ್ಟರ್ ತೊಳೆದರೆ ಕೊನೆ ಗಿಡಕ್ಕೂ ಹನಿ’ ಎಂಬ ಅಂಟುಚೀಟಿಯನ್ನು ಫಿಲ್ಟರಿನ ಮೈಗೇ ಹಚ್ಚಿಸುವುದು ಮೇಲು. ಪ್ರಾಸಕ್ಕಾಗಿ ‘ಫಿಲ್ಟರ್ ತೊಳೆ, ಗಿಡಕ್ಕೆ ಕಳೆ’ ಎಂದು ಬರೆದವರಿದ್ದರೆ ನಿಲ್ಲಿಸಿ. ಬರೆದವರ ಮನಸ್ಸಿನಲ್ಲಿ ಕಾಂತಿ, ಓದುವ ರೈತನ ಕಣ್ಣಲ್ಲಿ ಗರಿಕೆ.

ಅಚ್ಚಿಗೆ ಕೊಡುವ ಮುನ್ನ ಒಂದು ದಿನದ ಪರೀಕ್ಷೆ ಮಾಡಿ. ಡ್ರಿಪ್ ಇಲ್ಲದ ಹತ್ತು ರೈತರಿಗೆ ಆರಿಸಿದ ಸಾಲನ್ನು ಬಾಯಲ್ಲಿ ಒಮ್ಮೆ ಹೇಳಿ, ಚೀಟಿ ಕೊಡಬೇಡಿ. ಮರುದಿನ ಹೋಗಿ ಎರಡೇ ಪ್ರಶ್ನೆ ಕೇಳಿ: ‘ನಿನ್ನೆಯ ಮಾತು ಏನಿತ್ತು?’, ‘ಹಂಗಂದ್ರೆ ಏನು ಮಾಡಬೇಕಂತೆ?’ ಮೊದಲನೆಯದಕ್ಕೆ ಹತ್ತರಲ್ಲಿ ಆರು ಜನವಾದರೂ ಸರಿ ಹೇಳದಿದ್ದರೆ ಪದ ಬದಲಿಸಿ. ಮೊದಲನೆಯದನ್ನು ಸರಿ ಹೇಳಿ ಎರಡನೆಯದಕ್ಕೆ ‘ಇನ್ನೊಂದು ಬೋರು ಹಾಕಿಸಬೇಕಂತೆ’ ಎಂದರೆ ಸಾಲನ್ನೇ ಬದಲಿಸಿ.